ಹತ್ತನೇ ಬಿಟ್ಟ ಸ್ಥಳ

‘ಬೆಂಗಳೂರು ______ ಊರು.’

ಇದು ನಮ್ಮ ಹೆಡ್ ಮೇಷ್ಟ್ರು ನಾಲ್ಕನೇ ತರಗತಿಯ ಕನ್ನಡ ಪರೀಕ್ಷೆಗೆ ಕೊಟ್ಟ ಪ್ರಶ್ನೆ. ತುಂಬಿ ನೋಡೋಣ. ದೊಡ್ಡ ಅಂದಿರಾ? ತಪ್ಪು. ತಂಪಾದ? ಅದೂ ತಪ್ಪು. ಒಳ್ಳೆಯ? ಸೊನ್ನೆ. ಒಬ್ಬ ಹುಡುಗ ‘ನಮ್ಮ’ ಎಂದು ಬರೆದಿದ್ದ. ನನ್ನನ್ನು ಕೇಳಿದ್ದರೆ ಅವನಿಗೆ ಎರಡು ಅಂಕ ಕೊಡುತ್ತಿದ್ದೆ. ಅವನಿಗೂ ಸೊನ್ನೆಯೇ. ಸರಿಯುತ್ತರ ‘ಸುಂದರವಾದ’. ಯಾಕೆಂದರೆ ಪಾಠಪುಸ್ತಕದಲ್ಲಿ ಆ ಸಾಲು ಹಾಗಿತ್ತು. ಹೆಡ್ ಮೇಷ್ಟ್ರು ಪುಸ್ತಕ ತೆಗೆದು, ಕೈಗೆ ಸಿಕ್ಕ ಸಾಲಿನ ಮೇಲೆ ಪೆನ್ಸಿಲ್ ಇಟ್ಟು, ಪೆನ್ಸಿಲ್ಲಿಗೆ ಸಿಕ್ಕ ಪದವನ್ನು ಹೊಡೆದುಹಾಕುತ್ತಿದ್ದರು. ಅಲ್ಲಿಗೆ ಪ್ರಶ್ನೆ ಸಿದ್ಧ. ಹತ್ತು ಪ್ರಶ್ನೆ ಬರೆಯಲು ಅವರಿಗೆ ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು ಸಾಕಾಗಿತ್ತು.

ಅರವತ್ತರ ದಶಕದ ಮೊದಲ ವರ್ಷಗಳ ಮಾತು. ಜಯನಗರ ಆಗ ಹೆಸರಿಗೆ ಬಡಾವಣೆ. ಸೈಟಿನ ಕಲ್ಲುಗಳು ನೆಟ್ಟಿದ್ದವು, ಮನೆಗಳು ಅಲ್ಲೊಂದು ಇಲ್ಲೊಂದು, ನಡುವೆ ಇನ್ನೂ ರಾಗಿ ಬೆಳೆಯುತ್ತಿದ್ದ ಹೊಲ. ನಮ್ಮ ಪ್ರೈಮರಿ ಶಾಲೆಗೆ ಒಂದು ಕಡೆಯಿಂದ ಬಡಾವಣೆಯ ಆಫೀಸರುಗಳ ಮಕ್ಕಳು ಷೂ ಹಾಕಿಕೊಂಡು ಬರುತ್ತಿದ್ದರು. ಇನ್ನೊಂದು ಕಡೆಯಿಂದ ಯಡಿಯೂರಿನ ಮಕ್ಕಳು ಬರಿಗಾಲಲ್ಲಿ, ಕೆರೆ ಏರಿ ಇಳಿದು ಬರುತ್ತಿದ್ದರು. ನಾನು ಟ್ರೈನಿಂಗ್ ಮುಗಿಸಿ ಅಲ್ಲಿ ಸೇರಿ ಎರಡು ವರ್ಷವಾಗಿತ್ತು. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಬುದ್ಧಿವಂತೆ ಎಂಬ ಗರ್ವ ಮಾತ್ರ ಸೇರಿದ ದಿನವೇ ಖಾಯಂ ಆಗಿತ್ತು.

ಆ ವರ್ಷ ಇನ್‌ಸ್ಪೆಕ್ಟರು ಒಂದು ಸುತ್ತೋಲೆ ಕಳಿಸಿದರು. ಇನ್ನು ಮೇಲೆ ಭಾಷಾ ಪತ್ರಿಕೆಯಲ್ಲಿ ಹೊಸ ಮಾದರಿಯ ಪ್ರಶ್ನೆಗಳಿರಬೇಕು. ಬಿಟ್ಟ ಸ್ಥಳ ಹತ್ತು, ಅಂಕ ಹತ್ತು. ಪ್ರತಿಯೊಂದಕ್ಕೂ ಒಂದೇ ಒಂದು ಸರಿಯುತ್ತರ ಇರಬೇಕು. ಯಾರು ತಿದ್ದಿದರೂ ಒಂದೇ ಅಂಕ ಬರಬೇಕು. ನಾಲ್ಕನೇ ತರಗತಿಯ ವರ್ಷಾಂತ್ಯದ ಪತ್ರಿಕೆಗಳನ್ನು ಅಕ್ಕಪಕ್ಕದ ಶಾಲೆಗಳು ಅದಲುಬದಲು ಮಾಡಿಕೊಂಡು ತಿದ್ದುತ್ತಿದ್ದವು. ನಮ್ಮದನ್ನು ಬೇರೆ ಶಾಲೆಯವರು, ಉತ್ತರಪಟ್ಟಿ ಪಕ್ಕದಲ್ಲಿಟ್ಟುಕೊಂಡು. ಅವರಿಗೆ ಮಗುವೂ ಗೊತ್ತಿಲ್ಲ, ಪಾಠವೂ ನೆನಪಿಲ್ಲ. ಪಟ್ಟಿಯಲ್ಲಿ ‘ಸುಂದರವಾದ’ ಎಂದಿದ್ದರೆ ‘ನಮ್ಮ’ ಎಂದು ಬರೆದವನ ಗತಿ ಗೋವಿಂದ.

ಸುತ್ತೋಲೆ ಓದಿ ಹೆಡ್ ಮೇಷ್ಟ್ರು ನಕ್ಕರು. ‘ಇದನ್ನೇ ಅಲ್ವೇನಮ್ಮ ನಾನು ಇಷ್ಟು ವರ್ಷ ಮಾಡ್ಕೊಂಡು ಬಂದಿರೋದು?’

ನನಗೆ ತಡೆಯಲಾಗಲಿಲ್ಲ. ‘ಸಾರ್, ಬೆಂಗಳೂರು ದೊಡ್ಡ ಊರು ಅಂತ ಬರೆದ್ರೆ ಏನು ತಪ್ಪು?’

‘ನೋಡಮ್ಮ, ಬಿಟ್ಟ ಸ್ಥಳ ಅಂದ್ರೆ ಅದನ್ನ ಬಿಟ್ಟಿರೋನು ನಾನು. ಏನು ಬಿಟ್ಟಿದೀನಿ ಅಂತ ನನಗೆ ಗೊತ್ತು. ಅದು ಹುಡುಗನಿಗೂ ಗೊತ್ತಾಗಬೇಕು. ಅದೇ ಪರೀಕ್ಷೆ.’

‘ಹಾಗಾದ್ರೆ ಅದು ಕನ್ನಡ ಪರೀಕ್ಷೆ ಅಲ್ಲ ಸಾರ್. ಕಣಿ ಹೇಳೋ ಪರೀಕ್ಷೆ.’

ಪಕ್ಕದ ಕುರ್ಚಿಯ ಮೇಷ್ಟ್ರು ಕೆಮ್ಮಿದರು. ಹೆಡ್ ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು. ಆಮೇಲೆ, ‘ಅಷ್ಟು ತಿಳಿದೋರು ನೀವೇ ಬರೀರಿ ಈ ಸಲ. ನೋಡೋಣ’ ಎಂದರು. ಹೀಗೆ ಆ ವರ್ಷದ ಹತ್ತು ಬಿಟ್ಟ ಸ್ಥಳ ನನ್ನ ಪಾಲಿಗೆ ಬಂತು. ನಾನು ಕುಣಿದುಬಿಟ್ಟೆ. ಈ ಮುದುಕರಿಗೆ ಪ್ರಶ್ನೆ ಎಂದರೇನು ಅಂತ ತೋರಿಸಿಕೊಡುತ್ತೇನೆ ಎಂದುಕೊಂಡೆ.

ಪತ್ರಿಕೆ ಬರೆಯುವವರಿಗೆ ಹೆಡ್ ಮೇಷ್ಟ್ರು ಪ್ರತಿ ವರ್ಷ ಒಂದು ಭಾಷಣ ಬಿಗಿಯುತ್ತಿದ್ದರು. ಪ್ರಶ್ನೆಪತ್ರಿಕೆಯ ಒಂದು ಅಕ್ಷರವೂ ಹೊರಗೆ ಹೋಗಕೂಡದು. ಮೊದಲೇ ಗೊತ್ತಾದ ಪ್ರಶ್ನೆಗೆ ಉತ್ತರ ಬರೆಯುವುದು ಕಳ್ಳತನ. ಕೊಟ್ಟವರೂ ಕಳ್ಳರು, ಬರೆದವರೂ ಕಳ್ಳರು. ನಾನು ಆಕಳಿಸುತ್ತ ಕೇಳಿದೆ. ಬಾಗಿಲಲ್ಲಿ ನಮ್ಮ ಶಾಲೆಯ ಆಯಾ ಕಾಫಿ ಲೋಟ ತೆಗೆದುಕೊಂಡು ಹೋಗಲು ನಿಂತಿದ್ದಳು. ಇಡೀ ಶಾಲೆಯಲ್ಲಿ ಆ ಭಾಷಣಕ್ಕೆ ಕಿವಿಗೊಟ್ಟವಳು ಅವಳೊಬ್ಬಳೇ ಎಂದು ಆಗ ನನಗೆ ತಿಳಿಯಲಿಲ್ಲ.

ಆಯಮ್ಮ ಯಡಿಯೂರಿನವಳು. ಗಂಟೆ ಹೊಡೆಯುವುದು, ಕಸ ಗುಡಿಸುವುದು, ಒಂದನೇ ತರಗತಿಯ ಮಕ್ಕಳ ಮೂಗು ಒರೆಸುವುದು ಅವಳ ಕೆಲಸ. ನನಗಿಂತ ಮೂವತ್ತು ವರ್ಷ ದೊಡ್ಡವಳು. ನಾನು ಅವಳನ್ನು ‘ನೀನು’ ಎನ್ನುತ್ತಿದ್ದೆ, ಅವಳು ನನ್ನನ್ನು ‘ಅಮ್ಮೋರೆ’ ಎನ್ನುತ್ತಿದ್ದಳು. ಅದು ಹಾಗೇ ಇರತಕ್ಕದ್ದು ಎಂದು ಇಬ್ಬರೂ ನಂಬಿದ್ದೆವು. ಅವಳಿಗೆ ಓದು ಬರಹ ಬರುತ್ತಿರಲಿಲ್ಲ. ಅವಳ ಮಗನ ಮಗಳು ನಮ್ಮ ನಾಲ್ಕನೇ ತರಗತಿಯಲ್ಲೇ ಇದ್ದಳು. ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ, ಕೇಳಿದ್ದಕ್ಕಷ್ಟೇ ಮಾತು, ಲೆಕ್ಕದಲ್ಲೂ ಕನ್ನಡದಲ್ಲೂ ಮೊದಲು. ಇಂಥ ಮಗು ಎರಡು ವರ್ಷಕ್ಕೊಂದು ಸಿಕ್ಕಿದರೆ ಮೇಷ್ಟ್ರ ಪುಣ್ಯ.

ನಾಲ್ಕನೆಯದು ಮುಗಿದ ಮೇಲೆ ಹುಡುಗಿಯ ಗತಿ ಏನು ಎನ್ನುವುದೇ ಆಗ ಆಯಮ್ಮನ ಮನೆಯ ದೊಡ್ಡ ಮಾತು. ಸರ್ಕಾರಿ ಮಿಡ್ಲ್ ಸ್ಕೂಲಿನಲ್ಲಿ ಹುಡುಗರೂ ಇದ್ದರು. ಮಗ ಖಡಾಖಂಡಿತವಾಗಿ ಹೇಳಿದ್ದ: ಗಂಡು ಹುಡುಗರ ಜೊತೆ ಕೂರಿಸಲ್ಲ, ಹೂವಿನ ತೋಟದಲ್ಲಿ ಕೈಗೆ ಕೈಯಾಗಿ ಇರಲಿ. ಬಸವನಗುಡಿಯ ಕಡೆ ಒಂದು ಹೆಣ್ಣುಮಕ್ಕಳ ಶಾಲೆಯಿತ್ತು. ಅಲ್ಲಿಯವರು ನಮ್ಮ ಶಾಲೆಯಿಂದ ವರ್ಷಕ್ಕೆ ಒಬ್ಬಳನ್ನು, ಮೊದಲು ಬಂದವಳನ್ನು, ಫೀಸಿಲ್ಲದೆ ಸೇರಿಸಿಕೊಳ್ಳುತ್ತಿದ್ದರು. ‘ಅಲ್ಲಿ ಸಿಕ್ರೆ ಕಳಿಸ್ತೀನಿ, ಇಲ್ದಿದ್ರೆ ಇಲ್ಲ’ ಎಂದು ಮಗ ತಾಯಿಯ ಕೈ ಮುಟ್ಟಿ ಹೇಳಿದ್ದನಂತೆ. ಆಯಮ್ಮ ಇದನ್ನು ದಿನಕ್ಕೆರಡು ಸಲ ನನಗೆ ಹೇಳುತ್ತಿದ್ದಳು. ನಾನು ದಿನಕ್ಕೆರಡು ಸಲ, ‘ನಿನ್ನ ಮೊಮ್ಮಗಳಿಗೆ ಬಿಟ್ಟು ಇನ್ಯಾರಿಗೆ ಸಿಗತ್ತೆ, ಸುಮ್ಮನಿರು’ ಎನ್ನುತ್ತಿದ್ದೆ.

ಈಗ ನನ್ನ ಜಾಣತನಕ್ಕೆ ಬರುತ್ತೇನೆ. ಮೊದಲ ದಿನ ಮನೆಯಲ್ಲಿ ಕೂತು ಹತ್ತು ವಾಕ್ಯ ಬರೆದೆ. ಮಾರನೆಯ ದಿನ ಮಧ್ಯಾಹ್ನದ ಬಿಡುವಿನಲ್ಲಿ ಹೊಂಗೆ ಮರದ ಕೆಳಗೆ ಡಬ್ಬಿ ಬಿಚ್ಚಿಕೊಂಡು ಕೂತು ಅವುಗಳನ್ನು ನನ್ನಷ್ಟಕ್ಕೆ ಓದಿಕೊಳ್ಳುತ್ತಿದ್ದೆ. ‘ಹಸು ನಮಗೆ... ಕೊಡುತ್ತದೆ.’ ಬಿಟ್ಟ ಜಾಗ ಬಂದಾಗ ಡಬ್ಬಿಯ ಮುಚ್ಚಳದ ಮೇಲೆ ಬೆರಳಿನಿಂದ ಟಕ್ ಅಂತ ಕುಟ್ಟಿದೆ. ಪಕ್ಕದಲ್ಲಿ ಮುದ್ದೆ ತಿನ್ನುತ್ತಿದ್ದ ಆಯಮ್ಮ ತಲೆಯೆತ್ತಿ, ‘ಸಗಣಿ’ ಎಂದಳು.

‘ಹಾಲು, ಆಯಮ್ಮ!’

‘ಹಾಲೂ ಕೊಡ್ತದೆ. ವರ್ಷಕ್ಕೊಂದು ಕರಾನೂ ಕೊಡ್ತದೆ. ಹಿಂದ್ಗಡೆ ನಿಂತ್ಕಂಡ್ರೆ ಒದೇನೂ ಕೊಡ್ತದೆ. ಯಾವುದು ಬೇಕು ನಿಮಗೆ?’

ಹೆಡ್ ಮೇಷ್ಟ್ರನ್ನು ಕಣಿ ಹೇಳುವವರು ಎಂದು ಆಡಿಕೊಂಡವಳು ನಾನು. ನನ್ನ ಹತ್ತರಲ್ಲಿ ಆ ಮಧ್ಯಾಹ್ನ ಆಯಮ್ಮನ ಕೈಯಲ್ಲಿ ಉಳಿದದ್ದು ಎರಡೇ. ‘ಹಾಸಿಗೆ ಇದ್ದಷ್ಟು ಕಾಲು ಟಕ್’ ಎಂದರೆ ನಾನು ‘ಚಾಚು’ ಎಂದುಕೊಂಡಿದ್ದೆ, ಅವಳು ‘ನೀಡು’ ಎಂದಳು. ಅವರ ಮನೆಯಲ್ಲಿ ಕಾಲು ನೀಡುತ್ತಾರಂತೆ. ‘ಹಗಲು ಕಳೆದರೆ ಟಕ್’ ಎಂದರೆ ರಾತ್ರಿ, ಇರುಳು, ಸಂಜೆ, ಮೂರೂ ಅವಳಿಗೆ ಸರಿ. ಮೊದಲು ನನಗೆ ಸಿಟ್ಟು ಬಂತು. ಆಮೇಲೆ ಹೊಳೆಯಿತು: ಇವಳಿಗಿಂತ ಒಳ್ಳೆಯ ಒರೆಗಲ್ಲು ನನಗೆ ಎಲ್ಲಿ ಸಿಗಬೇಕು? ಪುಸ್ತಕ ಓದಿದವರೆಲ್ಲ ಪುಸ್ತಕದ ಪದವನ್ನೇ ಹೇಳುತ್ತಾರೆ. ಇವಳು ಓದಿಲ್ಲ. ಕನ್ನಡ ಮಾತ್ರ ಗೊತ್ತು. ಒಂದು ಜಾಗಕ್ಕೆ ಇವಳ ಬಾಯಲ್ಲಿ ಎರಡು ಪದ ಬಂದರೆ ಆ ಪ್ರಶ್ನೆ ಕಸದ ಬುಟ್ಟಿಗೆ. ಒಂದೇ ಬಂದರೆ ಪತ್ರಿಕೆಗೆ.

ಗುಟ್ಟು ಹೊರಗೆ ಹೋಗುತ್ತದೆ ಎಂಬ ಯೋಚನೆ ಬರಲಿಲ್ಲವೇ ಎಂದು ಕೇಳುತ್ತೀರಿ. ಬಂತು. ಓದು ಬಾರದ ಹೆಂಗಸು, ಇವಳಿಗೆ ಇದು ಪರೀಕ್ಷೆಗೋ ಪಾಠಕ್ಕೋ ಏನು ತಿಳಿಯುತ್ತದೆ ಎಂದು ಅದನ್ನು ತಳ್ಳಿಹಾಕಿದೆ. ಬರೆದ ಹಾಳೆಯನ್ನು ಮಾತ್ರ ದಿನಾ ಬೀರುವಿನಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಸೆರಗಿಗೆ ಕಟ್ಟಿಕೊಳ್ಳುತ್ತಿದ್ದೆ. ಎಂಥ ಎಚ್ಚರಿಕೆ ನೋಡಿ!

ಮೂರು ವಾರ ಹೀಗೆ ನಡೆಯಿತು. ಆಯಮ್ಮನಿಂದ ಒದೆ ತಿಂದು ತಿಂದು ನಾನು ಕಲಿತೆ. ಬಿಟ್ಟ ಜಾಗ ವಾಕ್ಯದ ಮೊದಲಲ್ಲಿರಬಾರದು; ಸುಳಿವು ಓದಿ ಆದ ಮೇಲೆ ಮಗು ಅಲ್ಲಿಗೆ ಬರಬೇಕು. ಒಂದು ಸುಳಿವು ಸಾಲದು, ಎರಡಿರಬೇಕು, ಎರಡೂ ಸೇರಿ ಒಂದೇ ಪದವನ್ನು ಹಿಡಿಯಬೇಕು. ‘ಹಸು ಟಕ್ ಕೊಡುತ್ತದೆ’ ಎನ್ನುವುದರ ಬದಲು ‘ಹೆಪ್ಪು ಹಾಕಿದರೆ ಮೊಸರಾಗುವುದು ಟಕ್’ ಎಂದರೆ ಆಯಮ್ಮನಿಗೂ ಹಾಲು ಬಿಟ್ಟು ಬೇರೆ ದಾರಿ ಇಲ್ಲ. ಗಾದೆ ಕೊಟ್ಟರೆ ಪ್ರಾಸ ಹಿಡಿದು ನಿಲ್ಲಿಸುವ ಗಾದೆಯನ್ನೇ ಕೊಡಬೇಕು. ‘ಕೈ ಕೆಸರಾದರೆ ಬಾಯಿ ಟಕ್’ ಎಂದರೆ ಯಾರ ಮನೆಯಲ್ಲೂ ಮೊಸರೇ. ಗೆರೆಗಳೆಲ್ಲ ಒಂದೇ ಉದ್ದ ಇರಬೇಕು. ಹೆಡ್ ಮೇಷ್ಟ್ರು ಚಿಕ್ಕ ಪದಕ್ಕೆ ಚಿಕ್ಕ ಗೆರೆ, ದೊಡ್ಡ ಪದಕ್ಕೆ ದೊಡ್ಡ ಗೆರೆ ಎಳೆಯುತ್ತಿದ್ದರು. ಮಕ್ಕಳು ಓದುವ ಬದಲು ಗೆರೆಯನ್ನು ಬೆರಳಲ್ಲಿ ಅಳೆಯುತ್ತಿದ್ದವು.

ಆಯಮ್ಮ ಬಿಟ್ಟ ಸ್ಥಳಕ್ಕೆ ‘ಗುಂಡಿ’ ಎನ್ನುತ್ತಿದ್ದಳು. ‘ಈ ಗುಂಡೀಲಿ ಎರಡು ಕಾಲು ಹಿಡೀತವೆ ಅಮ್ಮೋರೆ, ಇನ್ನೊಸಿ ಕಿರಿದು ಮಾಡಿ.’ ಇಲಾಖೆಯ ಸುತ್ತೋಲೆ ಎರಡು ಪುಟದಲ್ಲಿ ಹೇಳಲಾಗದ್ದನ್ನು ಅವಳು ಮುದ್ದೆ ನುಂಗುತ್ತ ಒಂದು ಮಾತಿನಲ್ಲಿ ಹೇಳಿದ್ದಳು.

ಒಂಬತ್ತು ಸರಿಹೋದವು. ಹತ್ತನೆಯದು ಮಾತ್ರ ಕಾಡಿತು. ‘ಕೆರೆಯಲ್ಲಿ ಟಕ್ ಈಜುತ್ತದೆ.’ ನನಗೆ ಬೇಕಾಗಿದ್ದ ಉತ್ತರ ಮೀನು.

‘ಎಮ್ಮೆ ಈಜಾಕಿಲ್ವಾ? ಹಾವು? ಕಪ್ಪೆ? ಬಾತುಕೋಳಿ? ನನ್ ಮಗ ಈಜಾಕಿಲ್ವಾ?’ ಎಂದಳು ಆಯಮ್ಮ.

ಮಾರನೆಯ ದಿನ ತಿದ್ದಿಕೊಂಡು ಹೋದೆ. ‘ನೀರಿನಿಂದ ಹೊರಗೆ ತೆಗೆದರೆ ಸಾಯುವುದು ಟಕ್.’

‘ಗೊದಮೊಟ್ಟೆ. ತಾವರೆ ಹೂವೂ ಬಾಡ್ತದೆ.’

‘ಕೆರೆಯಲ್ಲಿ ಬಲೆ ಬೀಸಿ ಟಕ್ ಹಿಡಿಯುತ್ತಾರೆ.’

‘ಏಡಿ ಬೀಳ್ತದೆ, ಆಮೆ ಬೀಳ್ತದೆ. ನಿಮಗೆ ಕೆರೆ ಗೊತ್ತಿಲ್ಲ, ಬಿಡಿ ಅಮ್ಮೋರೆ.’

ನಿಜವೇ. ನನಗೆ ಕೆರೆ ಎಂದರೆ ದೂರದಿಂದ ನೋಡುವ ನೀರು. ಹುಳಿ ಸಾರು ತಿಂದು ಬೆಳೆದವಳು ನಾನು, ಮೀನು ಹೇಗೆ ಹಿಡಿಯುತ್ತಾರೆ ಎಂದು ಕಂಡಿದ್ದು ಯಾವಾಗ? ಆ ಪ್ರಶ್ನೆಯನ್ನು ಬಿಟ್ಟು ಬೇರೆ ಬರೆಯಬಹುದಿತ್ತು. ಹಟ. ಆಯಮ್ಮನಿಗೂ ಹಟ ಹಿಡಿಯಿತು. ಎರಡು ದಿನ ಕಳೆದು ಬೆಳಗ್ಗೆ ಗಂಟೆ ಹೊಡೆಯುವ ಮೊದಲೇ ಓಡಿಬಂದು ಹೇಳಿದಳು: ‘ಗಾಳಕ್ಕೆ ಎರೆಹುಳ ಸಿಕ್ಸಿ ಹಿಡೀತಾರೆ ಅಂತ ಬರ್ಕಳಿ. ಇನ್ನೇನೂ ಹಿಡಿಯಾಕಿಲ್ಲ ಗುಂಡೀಲಿ.’

ಬರೆದುಕೊಂಡೆ. ‘ಗಾಳಕ್ಕೆ ಎರೆಹುಳು ಸಿಕ್ಕಿಸಿ ಕೆರೆಯಲ್ಲಿ ______ ಹಿಡಿಯುತ್ತಾರೆ.’ ನನ್ನ ಹತ್ತರಲ್ಲಿ ಇದೇ ಅತ್ಯುತ್ತಮ. ಹೆಡ್ ಮೇಷ್ಟ್ರು ಓದಿ ಮುಖ ಸಿಂಡರಿಸಿ, ‘ಹುಳು, ಮೀನು... ಸರಸ್ವತಿ ಪೂಜೆ ಮಾಡೋ ಕೈಯಲ್ಲಿ ಇದನ್ನೆಲ್ಲ ಬರೀಬೇಕೇನಮ್ಮ?’ ಎಂದರು. ‘ಇದಕ್ಕೆ ಎರಡನೇ ಉತ್ತರ ಹೇಳಿ ಸಾರ್, ತೆಗೆದುಹಾಕ್ತೀನಿ’ ಎಂದೆ. ಅವರು ಹಾಳೆಯ ಕೆಳಗೆ ಸಹಿ ಹಾಕಿ ನನ್ನ ಕಡೆ ತಳ್ಳಿದರು. ಆ ದಿನ ನನ್ನ ಕಾಲು ನೆಲದ ಮೇಲಿರಲಿಲ್ಲ.

ಪರೀಕ್ಷೆ ಆಯಿತು. ಪತ್ರಿಕೆಗಳು ಪಕ್ಕದ ಶಾಲೆಗೆ ಹೋಗಿ, ಕೆಂಪು ಮಸಿ ಹಚ್ಚಿಸಿಕೊಂಡು ವಾರಕ್ಕೆ ವಾಪಸು ಬಂದವು. ಅಂಕಗಳನ್ನು ಕೂಡಿಸಿದ್ದು ನಾನೇ. ಮೊದಲು ಬಂದವಳು ಬಡಾವಣೆಯ ಒಬ್ಬ ದೊಡ್ಡ ಆಫೀಸರನ ಮಗಳು. ಅವಳಿಗಿಂತ ಅರ್ಧ ಅಂಕ ಹಿಂದೆ ಆಯಮ್ಮನ ಮೊಮ್ಮಗಳು.

ನನಗೆ ನಂಬಿಕೆಯಾಗಲಿಲ್ಲ. ಅವಳ ಕನ್ನಡ ಪತ್ರಿಕೆ ಎಳೆದು ತೆಗೆದು ನೋಡಿದೆ. ದುಂಡನೆಯ ಅಕ್ಷರದಲ್ಲಿ ಒಂಬತ್ತು ಉತ್ತರ, ಒಂಬತ್ತೂ ಸರಿ. ಹತ್ತನೆಯದು ಖಾಲಿ. ಗೆರೆಯ ಮೇಲೆ ಒಂದು ಚುಕ್ಕೆ ಮಸಿಯೂ ಇಲ್ಲ. ತರಗತಿಯಲ್ಲಿ ಉಳಿದ ಅಷ್ಟೂ ಮಕ್ಕಳು, ಮೀನಿನ ವಾಸನೆಗೆ ಮೂಗು ಮುಚ್ಚುವ ಬಡಾವಣೆಯ ಮಕ್ಕಳು ಕೂಡ, ಆ ಜಾಗದಲ್ಲಿ ‘ಮೀನು’ ಎಂದು ಬರೆದಿದ್ದರು. ಕೆರೆಯ ದಡದಲ್ಲಿ ಹುಟ್ಟಿದವಳೊಬ್ಬಳೇ ಬರೆದಿರಲಿಲ್ಲ.

ಸಿಟ್ಟು ನೆತ್ತಿಗೇರಿತು. ಅವಳನ್ನು ಕರೆಸಿ ಎಲ್ಲ ಮಕ್ಕಳ ಮುಂದೆ ನಿಲ್ಲಿಸಿದೆ. ‘ಏನೇ ಇದು? ಮನೆ ಮುಂದೆ ಕೆರೆ ಇಟ್ಕೊಂಡು ಮೀನು ಅಂತ ಬರೆಯೋಕ್ಕೆ ಆಗಲಿಲ್ವಾ ನಿನಗೆ? ಕಣ್ಣು ಎಲ್ಲಿಟ್ಟಿದ್ದೆ? ಮಂಕು! ಇಷ್ಟು ಸುಲಭದ್ದು ಬಿಟ್ಟು ಬಂದಿದೀಯಲ್ಲ, ಇನ್ನು ಕಟ್ಟು ಹೋಗು ಹೂವು!’

ಮಕ್ಕಳು ನಕ್ಕವು. ಆಫೀಸರನ ಮಗಳೂ ನಕ್ಕಳು. ಇವಳು ಜಡೆಯ ತುದಿಯನ್ನು ಹಿಡಿದುಕೊಂಡು ನೆಲ ನೋಡುತ್ತ ನಿಂತಿದ್ದಳು, ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು, ನನ್ನ ಬಾಯಿ ಅಷ್ಟಕ್ಕೇ ನಿಲ್ಲುತ್ತಿತ್ತು.

ಅಂದು ಮಧ್ಯಾಹ್ನ ಹೊಂಗೆ ಮರದ ಕೆಳಗೂ ನನ್ನ ಬಾಯಿ ನಿಲ್ಲಲಿಲ್ಲ. ‘ಆಯಮ್ಮ, ನಿನ್ನ ಮೊಮ್ಮಗಳು ಮಾಡಿದ ಕೆಲಸ ನೋಡು. ಆ ಒಂದು ಬರೆದಿದ್ರೆ ಅರ್ಧ ಅಂಕ ಮುಂದಿರ್ತಿದ್ಲು.’

ಆಯಮ್ಮ ಮುದ್ದೆಯ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದಳು. ತಿಂದಿರಲಿಲ್ಲ. ‘ನಾನೇ ಬರೀಬ್ಯಾಡ ಅಂದಿದ್ದೆ ಅಮ್ಮೋರೆ’ ಎಂದಳು.

‘ಏನಂದೆ?’

‘ಆ ಮೀನಿಂದು ನಂಗೆ ಹೊಳೀನೇ ಇಲ್ಲ. ಮನೇಲಿ ರಾಗಿ ಬೀಸ್ತಾ ಬೀಸ್ತಾ ನಿಮ್ ಥರಾನೇ ಅಂದ್ಕತಿದ್ದೆ. ಕೆರೇಲಿ ಟಕ್ ಹಿಡೀತಾರೆ, ಕೆರೇಲಿ ಟಕ್ ಹಿಡೀತಾರೆ ಅಂತ. ಮೊಮ್ಮಗಳು ಕೇಳಿಸ್ಕಂಡ್ಳು. ಅಜ್ಜಿ, ಗಾಳ ಅಂತ ಹಾಕು, ಎರೆಹುಳ ಅಂತ ಹಾಕು, ಆಗ ಮೀನು ಒಂದೇ ಬರೋದು ಅಂದ್ಳು. ನಾನು ಬಂದು ನಿಮಗೆ ಹೇಳ್ದೆ.’

ನಾನು ಕೈಯಲ್ಲಿದ್ದ ತುತ್ತನ್ನು ಡಬ್ಬಿಗೆ ಹಾಕಿದೆ.

‘ಆಮೇಕೆ ಜ್ಞಾಪಕ ಬಂತು. ಹೆಡ್ ಮೇಷ್ಟ್ರು ಹೇಳಿದ್ರಲ್ಲ, ಮೊದ್ಲೇ ಗೊತ್ತಿರೋದನ್ನ ಬರೆದ್ರೆ ಕಳ್ಳತನ, ಕೊಟ್ಟೋರೂ ಕಳ್ಳರು ಅಂತ. ಮಿಕ್ಕಿದ ಒಂಬತ್ತು ನನ್ ಬಾಯಿಂದ ಆಚೆ ಬಂದಿಲ್ಲ, ನಮ್ಮಪ್ಪನಾಣೆ. ಇದೊಂದು ಬಂದ್ಬುಡ್ತು. ಅದಕ್ಕೇ ಪರೀಕ್ಷೆಗೆ ಹೋಗೋ ದಿನ ಹೇಳ್ದೆ, ಆ ಗಾಳದ್ದು ಬಂದ್ರೆ ಮುಟ್ಟಬ್ಯಾಡ ಕಣವ್ವಾ, ಅದು ನಿಂದಲ್ಲ ಅಂತ.’

ಅದು ನಿಂದಲ್ಲ! ಇಡೀ ಪತ್ರಿಕೆಯಲ್ಲಿ ಒಂದು ಪ್ರಶ್ನೆ ಯಾರದಾದರೂ ಆಗಿದ್ದರೆ ಅದು ಆ ಹುಡುಗಿಯದು. ನಾನು ಮೂರು ಸಲ ಬರೆದು ಕೆಡಿಸಿದ್ದನ್ನು ಒಂಬತ್ತು ವರ್ಷದ ಮಗು ಬೀಸುಕಲ್ಲಿನ ಪಕ್ಕದಲ್ಲಿ ಕೂತು ಸರಿ ಮಾಡಿಕೊಟ್ಟಿತ್ತು. ನಾನು ಬೆಳಗ್ಗೆ ಅವಳನ್ನೇ ಮಂಕು ಎಂದಿದ್ದೆ.

‘ನಾನು ಈಗಲೇ ಹೋಗಿ ಹೆಡ್ ಮೇಷ್ಟ್ರಿಗೆ ಹೇಳ್ತೀನಿ’ ಎಂದು ಎದ್ದೆ.

‘ಏನಂತ ಹೇಳ್ತೀರ? ಪರೀಕ್ಷೆ ಗುಂಡೀನೆಲ್ಲ ಆಯಾಗೆ ಓದಿ ಹೇಳ್ದೆ ಅಂತಲಾ?’ ಆಯಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ. ‘ನಿಮ್ ಕೆಲ್ಸ ಇನ್ನೂ ಕಾಯಂ ಆಗಿಲ್ಲ. ನನ್ನಂತೂ ಅವತ್ತೇ ಕಳಿಸ್ತಾರೆ. ಮಗೀನ ಒಂಬತ್ತನ್ನೂ ಕದ್ದಿದ್ದು ಅಂತಾರೆ. ಕೂತ್ಕಳಿ ಅಮ್ಮೋರೆ.’

ನಾನು ಕೂತುಕೊಂಡೆ.

ಕಥೆಯಲ್ಲಾದರೆ ಇಲ್ಲಿ ನಾಯಕಿ ಕೂರುವುದಿಲ್ಲ. ನೆಟ್ಟಗೆ ನಡೆದು ಹೋಗಿ, ತಪ್ಪು ನನ್ನದು ಎಂದು ಹೇಳಿ, ನೌಕರಿಯನ್ನು ಮೇಜಿನ ಮೇಲೆ ಎಸೆದು ಬರುತ್ತಾಳೆ. ನಾನು ಕೂತು, ಡಬ್ಬಿ ಮುಚ್ಚಿ, ಗಂಟೆ ಹೊಡೆದ ಮೇಲೆ ತರಗತಿಗೆ ಹೋಗಿ ಮೂರರ ಮಗ್ಗಿ ಹೇಳಿಸಿದೆ. ಆಯಮ್ಮನ ಕೆಲಸ ಉಳಿಸಲು ಸುಮ್ಮನಿದ್ದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ನನ್ನ ಕೆಲಸದ ಹೆದರಿಕೆ ಮೊದಲು ಬಂತು, ಅವಳದು ಆಮೇಲೆ.

ಹೆಣ್ಣುಮಕ್ಕಳ ಶಾಲೆಯ ಆ ಸೀಟು ಆಫೀಸರನ ಮಗಳಿಗೆ ಹೋಯಿತು. ಅವರ ಮನೆಯಲ್ಲಿ ಕಾರಿತ್ತು, ರೇಡಿಯೋ ಇತ್ತು, ನಾಯಿಗೆ ಬೇರೆ ಆಳಿತ್ತು. ‘ಫೀಸಿಗೆ ಅಂತಲ್ಲ, ಮೆರಿಟ್ ನೋಡಿ!’ ಎಂದು ಆ ತಾಯಿ ಶಾಲೆಗೆಲ್ಲ ಮೈಸೂರು ಪಾಕು ಹಂಚಿದರು. ಹೆಡ್ ಮೇಷ್ಟ್ರು ಎರಡು ತಿಂದರು.

ಇನ್ನು ಇನ್‌ಸ್ಪೆಕ್ಟರ ಮಾತು. ಬೇಸಗೆಯ ರಜೆಗೆ ಮುಂಚೆ ಅವರು ಸುತ್ತಲಿನ ಶಾಲೆಗಳ ಉಪಾಧ್ಯಾಯರನ್ನೆಲ್ಲ ಒಂದು ಹಾಲಿನಲ್ಲಿ ಕೂರಿಸಿ ಸಭೆ ಮಾಡಿದರು. ಹೊಸ ಮಾದರಿಯ ಪ್ರಶ್ನೆ ಎಂದರೆ ಏನು ಎಂಬುದರ ಮೇಲೆ ಒಂದು ಗಂಟೆ ಕೊರೆದರು. ಕೊನೆಗೆ ಕರಿಹಲಗೆಯ ಮೇಲೆ ಬರೆಸಿದರು: ‘ಗಾಳಕ್ಕೆ ಎರೆಹುಳು ಸಿಕ್ಕಿಸಿ ಕೆರೆಯಲ್ಲಿ ______ ಹಿಡಿಯುತ್ತಾರೆ.’ ‘ನೋಡಿ, ಸುಳಿವು ಮೂರು. ಗಾಳ, ಎರೆಹುಳು, ಕೆರೆ. ಉತ್ತರ ಒಂದು. ಎಲ್ಲ ಮಕ್ಕಳೂ ಬರೆದಿದ್ದಾರೆ, ಯಾರೋ ಒಂದು ದಡ್ಡ ಮಗು ಬಿಟ್ಟು. ಇದನ್ನ ಬರೆದೋರು ಎದ್ದು ನಿಲ್ಲಬೇಕು.’

ನಾನು ಎದ್ದು ನಿಂತೆ. ಚಪ್ಪಾಳೆ ಹೊಡೆದರು. ನಮ್ಮ ಹೆಡ್ ಮೇಷ್ಟ್ರು ಎಲ್ಲರಿಗಿಂತ ಜೋರಾಗಿ ಹೊಡೆದರು, ನಮ್ಮ ಶಾಲೆ ನೋಡಿ! ನಾನು ಕೈ ಮುಗಿದು ಕೂತೆ. ಆ ಸುಗ್ಗಿಯಲ್ಲೇ ನನ್ನ ಕೆಲಸ ಖಾಯಂ ಆಯಿತು. ಇಷ್ಟು ಹೊತ್ತು ಹೆಡ್ ಮೇಷ್ಟ್ರನ್ನು ಆಡಿಕೊಂಡೆನಲ್ಲ, ಅವರು ಮಾಡಿದ್ದು ಬರೀ ದಡ್ಡತನ. ‘ಸುಂದರವಾದ’ ಎಂಬ ಪದಕ್ಕೆ ಜೋತುಬಿದ್ದ ಆ ಮನುಷ್ಯ ಇನ್ನೊಬ್ಬರ ಪದವನ್ನು ತನ್ನದೆಂದು ಹೇಳಿಕೊಂಡಿರಲಿಲ್ಲ.

ಜೂನ್ ತಿಂಗಳಲ್ಲಿ ಶಾಲೆ ತೆರೆದು ವಾರವಾದ ಮೇಲೆ ಒಂದು ಭಾನುವಾರ ಬೆಳಗ್ಗೆ ಯಡಿಯೂರಿಗೆ ಹೋದೆ. ಹೇಗಾದರೂ ಮಾಡಿ ಮಗನನ್ನು ಒಪ್ಪಿಸಿ, ಸರ್ಕಾರಿ ಮಿಡ್ಲ್ ಸ್ಕೂಲಿಗಾದರೂ ಹುಡುಗಿಯನ್ನು ಸೇರಿಸಬೇಕೆಂದು. ಮಗ ಮರ್ಯಾದೆಯವನು. ಹಾಲು ಕೊಟ್ಟ, ಮಣೆ ಹಾಕಿದ, ನಾನು ಹೇಳಿದ್ದನ್ನೆಲ್ಲ ಕೇಳಿದ.

‘ಮಾತು ಅಂದ್ರೆ ಮಾತು ಅಮ್ಮೋರೆ. ಆ ಸ್ಕೂಲಲ್ಲಿ ಸಿಕ್ರೆ ಅಂದಿದ್ದೆ. ಸಿಗ್ಲಿಲ್ಲ. ಓದೋದು ಅವಳಿಗೆ ಹತ್ತಲಿಲ್ಲ ಅಂತ ಕಾಣ್ತದೆ. ಸುಲಭದ್ದೇ ಬಿಟ್ಟು ಬಂದ್ಳಂತಲ್ಲ, ನೀವೇ ಬೈದ್ರಂತೆ.’

ಆಯಮ್ಮ ಮಗನಿಗೆ ನಿಜ ಹೇಳಿರಲಿಲ್ಲ. ಹೇಳಿದ್ದರೆ ನನ್ನ ಹೆಸರು ಬರುತ್ತಿತ್ತು. ಬಾಗಿಲ ಪಕ್ಕದಲ್ಲಿ ಕೂತು ನನ್ನನ್ನೇ ನೋಡುತ್ತಿದ್ದಳು, ಹೇಳಬೇಡಿ ಎನ್ನುವ ಹಾಗೆ. ನಾನು ಆಗಲೂ ಹೇಳಲಿಲ್ಲ. ಹಾಲಿನ ಲೋಟ ಕೆಳಗಿಟ್ಟು ಎದ್ದೆ.

ಹೊರಡುವಾಗ ಹುಡುಗಿ ಜಗಲಿಯ ಮೇಲೆ ಕನಕಾಂಬರದ ರಾಶಿ ಮುಂದಿಟ್ಟುಕೊಂಡು ಬಾಳೆನಾರಿನಲ್ಲಿ ಕಟ್ಟುತ್ತಿದ್ದಳು. ಬೆರಳು ಚುರುಕಾಗಿ ಓಡುತ್ತಿತ್ತು. ಅವಳ ಮುಂದೆ ಕುಕ್ಕರಗಾಲಲ್ಲಿ ಕೂತೆ. ಕ್ಷಮಿಸು ಎನ್ನಬೇಕೆಂದು ಹೋದವಳು ನಾನು. ಮೇಷ್ಟ್ರ ಬಾಯಿ ನೋಡಿ, ಅದಕ್ಕೆ ಬಂದದ್ದು ಪ್ರಶ್ನೆಯೇ.

‘ಒಂದು ಕೇಳ್ತೀನಿ, ಹೇಳ್ತೀಯಾ? ಗಾಳಕ್ಕೆ ಎರೆಹುಳು ಸಿಕ್ಕಿಸಿ ಕೆರೇಲಿ ಏನು ಹಿಡೀತಾರೆ?’

ಅವಳ ಬೆರಳು ನಿಂತಿತು. ತಲೆಯೆತ್ತಿ ನನ್ನನ್ನು ನೋಡಲಿಲ್ಲ, ಬಾಗಿಲಲ್ಲಿ ನಿಂತಿದ್ದ ಅಜ್ಜಿಯನ್ನು ನೋಡಿದಳು.

ಆಯಮ್ಮ, ‘ಈಗ ಹೇಳಬೌದು ಕಣವ್ವಾ’ ಎಂದಳು. ‘ಪರೀಕ್ಷೆ ಮುಗೀತು.’

‘ಮೀನು’ ಎಂದಳು ಹುಡುಗಿ. ಮತ್ತೆ ಹೂವು ಕಟ್ಟತೊಡಗಿದಳು.